g(x) ಗೊತ್ತು, f(g(x)) ಗೊತ್ತು. f ಹುಡುಕುವುದು ಹೇಗೆ?

ಕೇಳಿದವರು: g(x) = x² + 2x, f(g(x)) = x⁴ + 4x³ + 7x² + 6x + 5. f(x) ಬೇಕು, ಅದು ಬಹುಪದೋಕ್ತಿ. ನಾನು ದೊಡ್ಡದನ್ನು g(x) ನಿಂದ ಭಾಗಿಸಿದೆ. ಭಾಗಲಬ್ಧ x² + 2x + 3, ಶೇಷ 5. ಹಾಗಾಗಿ f(x) = x² + 2x + 3 ಎಂದು ಬರೆದೆ. ಡಿಗ್ರಿ 2 ಮತ್ತು 2 ಸೇರಿ 4 ಆಗುತ್ತದೆ, ಅದೂ ಹೊಂದುತ್ತದೆ. ಆದರೂ ತಪ್ಪು ಅಂತಾರೆ. ಇಂಥ ಲೆಕ್ಕ ಮಾಡಿದವರು ನಿಮ್ಮ ದಾರಿ ಹೇಳ್ತೀರಾ?

ಪಿಯುಸಿ ವಿದ್ಯಾರ್ಥಿ: ಇಲ್ಲಿ ಭಾಗಾಕಾರಕ್ಕೆ ಜಾಗವೇ ಇಲ್ಲ. f(g(x)) ಅಂದರೆ f ಮತ್ತು g ಗಳ ಗುಣಲಬ್ಧ ಅಲ್ಲ, f ಒಳಗೆ x ಇದ್ದ ಕಡೆಯೆಲ್ಲ g(x) ಕೂರಿಸುವುದು. ನಾನು ಯಾವಾಗಲೂ g(x) = t ಅಂತ ಇಟ್ಟು, x ಅನ್ನು t ಮೂಲಕ ಬರೆದು, ಮತ್ತೆ ತುಂಬುತ್ತೇನೆ. ಮೊನ್ನೆ f(2x − 1) = 4x² + 2x + 3 ಕೊಟ್ಟಿದ್ದರು. x = (t + 1)/2 ಹಾಕಿದೆ. (t + 1)² + (t + 1) + 3 ಆಯಿತು, ಅಂದರೆ t² + 3t + 5. ಎರಡೇ ಸಾಲು.

ಗಣಿತದ ಮೇಷ್ಟ್ರು: ಗುಣಲಬ್ಧ ಅಲ್ಲ ಅನ್ನುವ ಮಾತು ನೂರಕ್ಕೆ ನೂರು ಸರಿ. ಆದರೆ ಆ ದಾರಿ ಸಲೀಸಾಗಿ ನಡೆಯುವುದು g ಒಂದನೇ ಡಿಗ್ರಿಯದಾಗಿದ್ದಾಗ. ಇಲ್ಲಿ x² + 2x = t ಬಿಡಿಸಿದರೆ x = −1 ± √(1 + t) ಬರುತ್ತದೆ. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿ ನೋಡಿ, ಪುಟ ತುಂಬುತ್ತದೆ. ಕೊನೆಗೆ ಮೂಲಚಿಹ್ನೆಗಳೆಲ್ಲ ಹೊಡೆದುಹೋಗಿ ಸರಿಯುತ್ತರವೇ ಬರುತ್ತದೆ, ಆದರೆ ಅಷ್ಟರಲ್ಲಿ ಒಂದು ಚಿಹ್ನೆ ತಪ್ಪದೆ ಇರುವುದು ಕಷ್ಟ.

ಕೇಳಿದವರೇ, ನಿಮ್ಮ ಭಾಗಾಕಾರ ವ್ಯರ್ಥ ಆಗಿಲ್ಲ. ನೀವು ಒಂದು ಹೆಜ್ಜೆ ಮೊದಲೇ ನಿಂತಿದ್ದೀರಿ ಅಷ್ಟೆ. ಶೇಷ 5 ಅನ್ನು ಪಕ್ಕಕ್ಕಿಡಿ. ಬಂದ ಭಾಗಲಬ್ಧವನ್ನೇ ಮತ್ತೆ g ಯಿಂದ ಭಾಗಿಸಿ. x² + 2x + 3 ಅನ್ನು x² + 2x ನಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 3. ಇನ್ನು ಭಾಗಿಸಲು ಏನೂ ಉಳಿದಿಲ್ಲ. ಈಗ ಕೊನೆಯಿಂದ ಓದಿ: 1, 3, 5. ಅವೇ f ನ ಸಹಗುಣಕಗಳು.

f(t) = t² + 3t + 5

ಯಾಕೆ ಅಂದರೆ, ಮೊದಲ ಭಾಗಾಕಾರ ಹೇಳಿದ್ದು ಇದು: ದೊಡ್ಡ ಬಹುಪದೋಕ್ತಿ = g · (g + 3) + 5. ಬಿಡಿಸಿದರೆ g² + 3g + 5. ಒಂದು ಸಂಖ್ಯೆಯನ್ನು ಹತ್ತರಿಂದ ಮತ್ತೆ ಮತ್ತೆ ಭಾಗಿಸಿ ಬಿಡಿ, ಹತ್ತು, ನೂರರ ಸ್ಥಾನದ ಅಂಕಿಗಳನ್ನು ಬೇರೆ ಮಾಡುತ್ತೇವಲ್ಲ, ಅದೇ ಕೆಲಸ. ಹತ್ತರ ಜಾಗದಲ್ಲಿ g ಇದೆ. ಮೇಲಿನ ಹುಡುಗನ ಲೆಕ್ಕದಲ್ಲೂ ಇದೇ f ಬಂದಿದೆ ನೋಡಿ. ಒಳಗಿನ g ಬೇರೆ, ಹೊರಗಿನ f ಒಂದೇ.

ಡಿಗ್ರಿ ಬಗ್ಗೆ ಒಂದು ಮಾತು. ನಿಮ್ಮನ್ನು ದಾರಿ ತಪ್ಪಿಸಿದ್ದು 2 ಮತ್ತು 2. ಗುಣಿಸಿದಾಗ ಡಿಗ್ರಿಗಳು ಕೂಡುತ್ತವೆ. ಒಂದರೊಳಗೆ ಇನ್ನೊಂದನ್ನು ಕೂರಿಸಿದಾಗ ಡಿಗ್ರಿಗಳು ಗುಣವಾಗುತ್ತವೆ. 2 + 2 ಕೂಡ 4, 2 × 2 ಕೂಡ 4, ಹಾಗಾಗಿ ತಪ್ಪು ಕಾಣಿಸಲೇ ಇಲ್ಲ. g ಮೂರನೇ ಡಿಗ್ರಿಯದಾಗಿದ್ದರೆ ಒಂದು ಕಡೆ 5, ಇನ್ನೊಂದು ಕಡೆ 6 ಬಂದು ತಕ್ಷಣ ಗೊತ್ತಾಗುತ್ತಿತ್ತು. t² ಇದ್ದ ಕಡೆ x³ ಇಟ್ಟರೆ (x³)², ಅಂದರೆ x⁶. ಅಷ್ಟೇ ಕಾರಣ.

ಕೇಳಿದವರು: ಓಹ್, ಭಾಗಲಬ್ಧದಲ್ಲೇ g + 3 ಕೂತಿತ್ತು, ನನಗೆ ಕಾಣಲಿಲ್ಲ! ಶೇಷದಲ್ಲಿ x ಉಳಿದುಬಿಟ್ಟರೆ ಏನು ಮಾಡೋದು ಸರ್?

ಗಣಿತದ ಮೇಷ್ಟ್ರು: ಆಗ ಅಂಥ ಬಹುಪದೋಕ್ತಿ f ಇಲ್ಲವೇ ಇಲ್ಲ. ನಿಮ್ಮ ಲೆಕ್ಕದಲ್ಲೇ 6x ಬದಲು 7x ಅಂತ ಇಟ್ಟುಕೊಳ್ಳಿ. ಮೊದಲ ಶೇಷ x + 5 ಆಗುತ್ತದೆ. ಅಲ್ಲಿಗೆ ನಿಲ್ಲಿಸಿ. ಭಾಗಾಕಾರ ಮಾಡದೆಯೂ ಇದನ್ನು ಹಿಡಿಯಬಹುದು. g(0) = 0, g(−2) ಕೂಡ 0. ಒಳಗೆ ಹೋಗುವುದು ಎರಡೂ ಸಲ 0 ಆದರೆ ಹೊರಗೆ ಬರುವುದೂ ಒಂದೇ ಆಗಬೇಕು, ಅಲ್ವಾ? 6x ಇದ್ದಾಗ x = 0 ಗೆ 5, x = −2 ಗೆ 16 − 32 + 28 − 12 + 5, ಅದೂ 5. 7x ಇಟ್ಟರೆ ಎರಡನೆಯದು 3 ಆಗುತ್ತದೆ. f(0) ಒಮ್ಮೆ 5, ಒಮ್ಮೆ 3 ಆಗಲು ಸಾಧ್ಯವಿಲ್ಲ. ಪ್ರಶ್ನೆಯಲ್ಲೇ ಅಚ್ಚಿನ ತಪ್ಪಿದ್ದರೆ ನಾನು ಹೀಗೇ ಕಂಡುಹಿಡಿಯುತ್ತೇನೆ.

ಮಗಳಿಗೆ ಪಾಠ ಹೇಳಿಕೊಡುವ ಅಮ್ಮ: ನಮ್ಮ ಮನೆಯಲ್ಲೂ ಇದೇ ಲೆಕ್ಕ ಬಂದಿತ್ತು. f(g(x)) = 9 ಆದರೆ x ಎಷ್ಟು ಅಂತ. ಮಗಳು t² + 3t + 5 = 9 ಬರೆದು, t = 1, t = −4 ತಂದು, ಪೆನ್ನು ಕೆಳಗಿಟ್ಟಳು. ಅವಳ ಪ್ರಕಾರ ಉತ್ತರ ಮುಗಿದಿತ್ತು. "ಪುಟ್ಟಿ, ನಿನ್ನನ್ನು ಕೇಳಿದ್ದು x, t ಅಲ್ಲ" ಅಂದೆ. ಆಮೇಲೆ x² + 2x = 1 ಬಿಡಿಸಿ −1 + √2, −1 − √2 ತಂದಳು. x² + 2x = −4 ಗೆ ಮಾತ್ರ ಏನೂ ಸಿಗಲಿಲ್ಲ. ನಾಲ್ಕನೇ ಡಿಗ್ರಿ ಅಂದಮೇಲೆ ನಾಲ್ಕು ಉತ್ತರ ಬರಬೇಕಲ್ಲ ಅಂತ ನಾವಿಬ್ಬರೂ ತುಂಬಾ ಹೊತ್ತು ಹುಡುಕಿದೆವು.

ಗಣಿತದ ಮೇಷ್ಟ್ರು: ಮೇಡಂ, ಇಲ್ಲಿ ಅವರು ಕೇಳಿದ್ದು f ಅನ್ನು, ನಿಮ್ಮದು x ಹುಡುಕುವ ಲೆಕ್ಕ. ಆದರೆ ನೀವು ಮಾಡಿದ್ದು ಸರಿ. x² + 2x ಎಂದರೆ (x + 1)² − 1, ಅದು −1 ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ −4 ಆಗಲು ವಾಸ್ತವ ಸಂಖ್ಯೆಗಳಲ್ಲಿ ದಾರಿಯಿಲ್ಲ. ಡಿಗ್ರಿ 4 ಅಂದರೆ ಹೆಚ್ಚೆಂದರೆ ನಾಲ್ಕು. t ಸಿಕ್ಕಿದ ತಕ್ಷಣ g ಆ ಬೆಲೆಯನ್ನು ಮುಟ್ಟುತ್ತದಾ ಅಂತ ನೋಡಿಕೊಂಡರೆ ಹುಡುಕಾಟ ತಪ್ಪುತ್ತದೆ.

ಎಂ.ಎಸ್‌ಸಿ ಓದುತ್ತಿರುವವರು: ಒಂದು ಸೇರಿಸುತ್ತೇನೆ, ಇದರಲ್ಲಿ ನಾನೇ ಒಮ್ಮೆ ಅಂಕ ಕಳೆದುಕೊಂಡಿದ್ದೇನೆ. f ಕೊಟ್ಟು g ಕೇಳಿದರೆ ಉತ್ತರ ಒಂದೇ ಇರಬೇಕಾಗಿಲ್ಲ. ಇದೇ f, ಇದೇ ದೊಡ್ಡ ಬಹುಪದೋಕ್ತಿ ತೆಗೆದುಕೊಳ್ಳಿ. g ನ x² ಸಹಗುಣಕ a ಆದರೆ a² = 1. ನಾನು a = 1 ಮಾತ್ರ ಹಿಡಿದು ಮುಂದೆ ಹೋದೆ. a = −1 ಇಟ್ಟರೂ ಒಂದು g ಬರುತ್ತದೆ: −x² − 2x − 3. t ಬದಲು −3 − t ಇಟ್ಟರೂ t² + 3t + 5 ಬೆಲೆ ಬದಲಾಗುವುದಿಲ್ಲ, ಅದಕ್ಕೇ ಹೀಗೆ. g ಕೊಟ್ಟು f ಕೇಳಿದಾಗ ಈ ತೊಂದರೆ ಇಲ್ಲ. g ಬರೀ ಸ್ಥಿರಾಂಕ ಆಗಿರದಿದ್ದರೆ ಸಾಕು, f ಒಂದೇ ಬರುತ್ತದೆ.

ಪಿಯುಸಿ ವಿದ್ಯಾರ್ಥಿ: ಭಾಗಾಕಾರಕ್ಕೆ ಜಾಗ ಇಲ್ಲ ಅಂದಿದ್ದು ನನ್ನ ತಪ್ಪು, ಮಾಡಿ ನೋಡಿದೆ, ಚೆನ್ನಾಗಿದೆ. ಹಾಗಾದರೆ f(f(x)) = x² + 1 ಕೊಟ್ಟರೆ?

ಎಂ.ಎಸ್‌ಸಿ ಓದುತ್ತಿರುವವರು: ಬಹುಪದೋಕ್ತಿ ಸಿಗಲ್ಲ. f ನ ಡಿಗ್ರಿ n ಆದರೆ n × n = 2 ಆಗಬೇಕು, ಅಂಥ ಪೂರ್ಣಾಂಕ ಇಲ್ಲ. f(f(x)) = 4x + 3 ಆದರೆ ಸಿಗುತ್ತದೆ, ಅದೂ ಎರಡು: 2x + 1 ಮತ್ತು −2x − 3.

ಪಿಯುಸಿ ವಿದ್ಯಾರ್ಥಿ: ಬಹುಪದೋಕ್ತಿಯೇ ಆಗಬೇಕು ಅಂತಿಲ್ಲದಿದ್ದರೆ?

ಗಣಿತದ ಮೇಷ್ಟ್ರು: ಆಗ ಆಟ ಬೇರೆ. +1 ಬಿಟ್ಟು ಬರೀ x² ಇಟ್ಟುಕೊಂಡು, x ಧನ ಸಂಖ್ಯೆ ಮಾತ್ರ ಅಂದರೆ, x ನ ಘಾತ √2 ಇರುವ ಫಂಕ್ಷನ್ ಸಾಕು. ಅದನ್ನು ಎರಡು ಸಲ ಹಾಕಿದರೆ ಘಾತ √2 × √2. ಆ +1 ಸೇರಿದರೆ ಏನಾಗುತ್ತದೆ ಅಂತ ನೀನೇ ಒಂದಷ್ಟು ಹೊತ್ತು ಗುದ್ದಾಡಿ, ಬರೆದದ್ದನ್ನು ಇಲ್ಲಿ ಹಾಕು. ಅಲ್ಲಿಂದ ಮುಂದುವರಿಸೋಣ.