ಮೊದಲ ಸಂಬಳ: ತುರ್ತು ನಿಧಿ ಮೊದಲೋ, ಷೇರು ಮೊದಲೋ?

ಕಿರಣ: ಬೆಂಗಳೂರಿನಲ್ಲಿ ಮೊದಲ ಕೆಲಸ. ಕೈಗೆ ಬರುವುದು 32,000. ಪಿಜಿ, ಊಟ, ಊರಿಗೆ ಕಳಿಸುವುದು ಎಲ್ಲ ಸೇರಿ ಖರ್ಚು 22,000. ಉಳಿದ ಹತ್ತು ಸಾವಿರವನ್ನು ಷೇರಿಗೆ ಹಾಕುವ ಮೊದಲು ತುರ್ತು ನಿಧಿ ಕಟ್ಟಬೇಕೆಂದು ಅಕ್ಕ ಹಟ ಹಿಡಿದಿದ್ದಾಳೆ. ಏಕೆ?

ಲೆಕ್ಕದ ಮೇಷ್ಟ್ರು: ಅಕ್ಕನ ಮಾತು ಸರಿಯಾಗಿದೆ. ನಿಧಿಯನ್ನು ಸಂಬಳದಿಂದಲ್ಲ, ಖರ್ಚಿನಿಂದ ಅಳೆಯಬೇಕು. ನಾಲ್ಕು ತಿಂಗಳ ಖರ್ಚು 88,000 ಆಗುತ್ತದೆ. ಒಂಬತ್ತು ತಿಂಗಳಲ್ಲಿ ಅಷ್ಟು ಕೂಡುತ್ತದೆ. ಒಂದು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿರಲಿ, ಮಿಕ್ಕದ್ದು ಎಫ್‌ಡಿಯಲ್ಲಿರಲಿ.

ಷೇರುಪ್ರಿಯ: ಒಂಬತ್ತು ತಿಂಗಳು! ಈ ವಯಸ್ಸಿನಲ್ಲಿ ಅಷ್ಟು ಕಾಲ ಹಣವನ್ನು ಮಲಗಿಸಿಡುವುದು ಅಪರಾಧವೇ ಸರಿ. 2023ರ ಜನವರಿಯಿಂದ ನಮ್ಮ ಮಾರುಕಟ್ಟೆಯಲ್ಲಿ ಷೇರು ಮಾರಿದ ಮರುದಿನವೇ ಲೆಕ್ಕ ಚುಕ್ತಾ ಆಗುತ್ತದೆ. ಮರುದಿನವೇ ಹಣ ಸಿಗುವಾಗ ಷೇರೇ ತುರ್ತು ನಿಧಿಯಲ್ಲವೇ?

ಸುಮಾ, ಶಿವಮೊಗ್ಗ: 'ಮರುದಿನ' ಎಂದರೆ ಮಾರುಕಟ್ಟೆಯ ಮರುದಿನ, ಸ್ವಾಮಿ. ಶುಕ್ರವಾರ ಮಾರಿದರೆ ಸೋಮವಾರ, ಸೋಮವಾರ ಹಬ್ಬವಿದ್ದರೆ ಮಂಗಳವಾರ; ಅಲ್ಲಿಂದ ಬ್ಯಾಂಕಿಗೆ ಬರಲು ಮತ್ತಷ್ಟು ಹೊತ್ತು. ನಮ್ಮ ತಂದೆಯವರನ್ನು ಶನಿವಾರ ರಾತ್ರಿ ಆಸ್ಪತ್ರೆಗೆ ಸೇರಿಸಿದಾಗ, ವಿಮೆಯಿದ್ದರೂ, ಅದರ ಒಪ್ಪಿಗೆ ಬರುವವರೆಗೆ 40,000 ಮುಂಗಡ ಕಟ್ಟಿ ಎಂದರು. ತಮ್ಮನ ಡಿಮ್ಯಾಟ್ ಖಾತೆಯಲ್ಲಿ ಎರಡು ಲಕ್ಷವಿತ್ತು, ಆದರೆ ಆ ರಾತ್ರಿ ಹಣ ಕೊಟ್ಟವರು ಪಕ್ಕದ ಮನೆಯವರು.

ಷೇರುಪ್ರಿಯ: ಶನಿವಾರ ರಾತ್ರಿ ಬ್ಯಾಂಕು ತೆರೆದಿರುತ್ತದೆಯೇ? ಎಫ್‌ಡಿ ಇದ್ದಿದ್ದರೂ ನಿಮ್ಮ ಗತಿ ಅದೇ ಆಗುತ್ತಿತ್ತು.

ಸುಮಾ, ಶಿವಮೊಗ್ಗ: ನೀವು ಬ್ಯಾಂಕಿನ ಬಾಗಿಲು ಕಂಡು ಎಷ್ಟು ವರ್ಷವಾಯಿತು? ನನ್ನ ಎಫ್‌ಡಿಯನ್ನು ಭಾನುವಾರ ಬೆಳಗ್ಗೆ ಮೊಬೈಲಿನಲ್ಲಿಯೇ ಮುರಿದಿದ್ದೇನೆ. ಬಡ್ಡಿಯಲ್ಲಿ ಸ್ವಲ್ಪ ಕಡಿತವಾಯಿತು, ಅಷ್ಟೇ.

ಮಲೆನಾಡಿಗ: ಎಫ್‌ಡಿಯನ್ನು ಮುರಿಯಬಹುದು ಎಂಬುದೇ ಸುಳ್ಳು. ಕಳೆದ ವರ್ಷ ಕೆಲಸ ಹೋದಾಗ ಬ್ಯಾಂಕಿಗೆ ಹೋದೆ; ಐದು ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ, ಅದರ ಮೇಲೆ ಸಾಲವನ್ನೂ ಕೊಡುವುದಿಲ್ಲ ಎಂದರು.

ಲೆಕ್ಕದ ಮೇಷ್ಟ್ರು: ನಿಮ್ಮದು ತೆರಿಗೆ ಉಳಿಸುವ ಐದು ವರ್ಷದ ಎಫ್‌ಡಿ ಇರಬೇಕು. ಅದಕ್ಕೆ ಆ ಕಟ್ಟುಪಾಡು ಇದ್ದೇ ಇದೆ; ಸಾಮಾನ್ಯ ಎಫ್‌ಡಿಗಿಲ್ಲ. ತೆರಿಗೆಯನ್ನೂ ಉಳಿಸೋಣವೆಂದು ತುರ್ತು ಹಣವನ್ನು ಅಲ್ಲಿಡುವ ತಪ್ಪನ್ನು ಹೊಸಬರು ಬಹಳ ಮಾಡುತ್ತಾರೆ. ಇಡುವ ಮೊದಲು ರಸೀದಿಯಲ್ಲಿ ಯಾವ ಬಗೆಯ ಠೇವಣಿಯೆಂದು ಓದಬೇಕು.

ಷೇರುಪ್ರಿಯ: ನೋಡಿದಿರಾ, 'ಕಟ್ಟುಪಾಡು ಇದ್ದೇ ಇದೆ' ಎಂದು ಮೇಷ್ಟ್ರೇ ಒಪ್ಪಿಕೊಂಡರು!

ಸುಮಾ, ಶಿವಮೊಗ್ಗ: ಅರ್ಧ ವಾಕ್ಯ ಓದಿ ವಾದ ಗೆಲ್ಲುವವರು ಅರ್ಧ ದಿನದಲ್ಲಿ ಹಣ ಸಿಗುತ್ತದೆ ಎಂದೂ ಹೇಳಬಲ್ಲರು.

ಷೇರುಪ್ರಿಯ: ನಾನು ಒಂದು ದಿನ ಎಂದೆ, ಅರ್ಧ ದಿನ ಎನ್ನಲಿಲ್ಲ. ಓದಲು ಬಾರದವರು ಯಾರು?

ಲೆಕ್ಕದ ಮೇಷ್ಟ್ರು: ಒಂದು ದಿನವೋ ಮೂರು ದಿನವೋ ಎಂಬ ಜಗಳದಲ್ಲಿ ಬೆಲೆಯನ್ನೇ ಮರೆತಿದ್ದೀರಿ. ಕಿರಣನಂಥ ಒಬ್ಬ ಹುಡುಗ 2020ರ ಜನವರಿಯಲ್ಲಿ, ಷೇರುಪೇಟೆಯ ಸೂಚ್ಯಂಕ ನಿಫ್ಟಿ 12,300 ದಾಟಿದ್ದಾಗ, 90,000ವನ್ನು ಅದರಂತೆಯೇ ಏರಿಳಿಯುವ ಸೂಚ್ಯಂಕ ನಿಧಿಗೆ ಹಾಕಿದ್ದನೆಂದುಕೊಳ್ಳಿ. ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಇಳಿದಾಗ ಆ ಹಣ ಸುಮಾರು 55,000 ಆಗಿರುತ್ತಿತ್ತು. ಅದೇ ವಾರ ಲಾಕ್‌ಡೌನ್ ಬಂತು, ಎಷ್ಟೋ ಜನರ ಕೆಲಸ ಹೋಯಿತು. ನಾಲ್ಕು ತಿಂಗಳಿಗೆಂದು ಇಟ್ಟದ್ದು ಎರಡೂವರೆ ತಿಂಗಳಿಗೆ ಮುಗಿಯುತ್ತಿತ್ತು.

ಷೇರುಪ್ರಿಯ: ಅದೇ ನಿಫ್ಟಿ ನವೆಂಬರಿನಲ್ಲಿ ಹಳೆಯ ಮಟ್ಟವನ್ನು ದಾಟಿತು. ಅದನ್ನು ಏಕೆ ಬಚ್ಚಿಡುತ್ತೀರಿ?

ಲೆಕ್ಕದ ಮೇಷ್ಟ್ರು: ಬಚ್ಚಿಡುತ್ತಿಲ್ಲ. ಪಿಜಿಯವರು ಬಾಡಿಗೆಗೆ ನವೆಂಬರಿನವರೆಗೆ ಕಾಯುವುದಿಲ್ಲ. ಏಪ್ರಿಲಿನಲ್ಲಿ ಮಾರಿದವನ ಬಳಿ ನವೆಂಬರಿನಲ್ಲಿ ಏರಲು ಏನೂ ಉಳಿದಿರುವುದಿಲ್ಲ. ತುರ್ತು ನಿಧಿ ಇದ್ದವನು ಮಾತ್ರ ಷೇರನ್ನು ಮುಟ್ಟದೆ ಕಾಯಬಲ್ಲ. ಕೆಲಸ ಕಳೆಯುವ ಕಾರಣವೇ ಬೆಲೆಯನ್ನೂ ಕೆಡವುವುದುಂಟು, ಆದ್ದರಿಂದ ಎರಡೂ ಪೆಟ್ಟು ಒಟ್ಟಿಗೆ ಬೀಳಬಹುದು.

ಷೇರುಪ್ರಿಯ: ಅಂಥ ಕುಸಿತ ಅಪರೂಪ. ತಿಂಗಳಿಗೆ 1,000 ಷೇರಿಗೆ, 9,000 ನಿಧಿಗೆ ಹಾಕಿದರೆ ಆಕಾಶವೇನೂ ಬೀಳುವುದಿಲ್ಲ.

ಲೆಕ್ಕದ ಮೇಷ್ಟ್ರು: ಮೊದಲು ಷೇರೇ ತುರ್ತು ನಿಧಿ ಎಂದಿದ್ದಿರಿ! ಸಾವಿರ ರೂಪಾಯಿಗೆ ನನ್ನ ತಕರಾರಿಲ್ಲ; ನಿಧಿ ಒಂದು ತಿಂಗಳು ತಡವಾಗುತ್ತದೆ, ಅಷ್ಟೇ.

ಕಿರಣ: ಕಂಪನಿಯ ಆರೋಗ್ಯ ವಿಮೆ ಇರುವುದರಿಂದ ನನಗೆ ಎರಡು ತಿಂಗಳ ಖರ್ಚು ಸಾಕಲ್ಲವೇ?

ಸುಮಾ, ಶಿವಮೊಗ್ಗ: ಕೆಲಸ ಬಿಟ್ಟ ದಿನವೇ ಆ ವಿಮೆಯೂ ಹೋಗುತ್ತದೆ, ತಮ್ಮಾ. ಅಪ್ಪ ಅಮ್ಮನಿಗೂ ಅದು ಅನ್ವಯಿಸುತ್ತದೆಯೇ, ಮೊದಲು ವಿಚಾರಿಸು.

ಮಲೆನಾಡಿಗ: ಎಲ್ಲ ಸರಿ, ನನ್ನ ಎಫ್‌ಡಿ ಮುರಿಯಲು ಯಾರಿಗೆ ಅರ್ಜಿ ಕೊಡಬೇಕೆಂದು ಯಾರೂ ಹೇಳಲಿಲ್ಲ.