ಒಂದೇ ತಂಡದ ಮೇಲೆ ಎರಡು ಬಾಜಿ: ಶೀಟ್ ಹೇಳಿದ್ದಕ್ಕಿಂತ ಪಾಯಿಂಟ್ ಜಾಸ್ತಿ ಇಳಿಯುತ್ತಿದೆ, ತಪ್ಪು ಎಲ್ಲಿದೆ?

ರಾಜನಗರ_ಸ್ಟ್ಯಾಂಡ್ (ಹುಬ್ಬಳ್ಳಿ)

ನಮಸ್ಕಾರ ಎಲ್ಲರಿಗೂ. ನಾವೊಂದಿಷ್ಟು ಗೆಳೆಯರು ರಣಜಿ ಮ್ಯಾಚುಗಳ ಮೇಲೆ ಪಾಯಿಂಟ್ ಲೀಗ್ ಆಡುತ್ತೇವೆ. ದುಡ್ಡು ಇಲ್ಲ, ಬರೀ ಪಾಯಿಂಟ್. 2025ರ ಆಗಸ್ಟ್‌ನಲ್ಲಿ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತಲ್ಲ, ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿಯೊಬ್ಬರಿಗೂ 1000 ಪಾಯಿಂಟ್. ದರ ಇಡುವುದು ನಮ್ಮಲ್ಲೇ ಒಬ್ಬರು.

ಕರ್ನಾಟಕದ ಒಂದು ಮ್ಯಾಚಿಗೆ ಎರಡು ಬಾಜಿ ತೆರೆದಿವೆ ಅಂದುಕೊಳ್ಳಿ. ಮೊದಲ ಇನಿಂಗ್ಸ್ ಲೀಡ್ ಕರ್ನಾಟಕಕ್ಕೆ: ದರ 1.90, ನನ್ನ ಅಂದಾಜು 60%. ಕರ್ನಾಟಕಕ್ಕೆ ನೇರ ಗೆಲುವು: ದರ 2.80, ನನ್ನ ಅಂದಾಜು 40%. ಒಂದು ಬಾಜಿಗೆ ಎಷ್ಟು ಹಾಕಬೇಕು ಅಂತ ಹೇಳುವ ಕೆಲ್ಲಿ ಸೂತ್ರ ಹಾಕಿದರೆ ಲೀಡ್‌ಗೆ 156, ಗೆಲುವಿಗೆ 67 ಬರುತ್ತದೆ. ಎರಡನ್ನೂ ಹಾಗೇ ಹಾಕುತ್ತೇನೆ.

ತೊಂದರೆ ಏನಂದರೆ, ಏರಿಳಿತ ಎಷ್ಟಿರಬಹುದು ಅಂತ ನಮ್ಮ ಲೆಕ್ಕದ ಶೀಟ್ ಹೇಳುತ್ತದೋ ಅದಕ್ಕಿಂತ ನಿಜವಾದ ಇಳಿತ ಬಹಳ ಜಾಸ್ತಿ. ಅಂದಾಜುಗಳು ಬಿಡಿಬಿಡಿಯಾಗಿ ನೋಡಿದರೆ ಸರಿಯಾಗೇ ಇವೆ. ಲೀಡ್ 60% ಅಂದ ಕಡೆ ಹತ್ತಿರ ಹತ್ತಿರ ಅಷ್ಟೇ ಬರುತ್ತಿದೆ. ಸೂತ್ರದಲ್ಲಿ ತಪ್ಪಿದೆಯಾ, ಶೀಟ್‌ನಲ್ಲಾ?

ಹಾವೇರಿ_ಯಾಲಕ್ಕಿ

ಅಣ್ಣಾ, ಒಂದೇ ತಂಡ ಅಂದರೆ ಒಂದೇ ಬಾಜಿ. ನಾನು ಯಾವಾಗಲೂ ಎರಡನ್ನೂ ಅರ್ಧ ಮಾಡಿಬಿಡುತ್ತೇನೆ. 78 ಮತ್ತು 33 ಹಾಕಿ, ಮುಗೀತು. ಇದಕ್ಕೆ ಗಣಿತ ಬೇಕಾಗಿಲ್ಲ.

ಬೆಟಗೇರಿ_ಬಾಯ್ಸ್

ಎರಡೂ ಒಟ್ಟಿಗೆ ಬರುತ್ತವೆ ಅಂತ ಗೊತ್ತಿದ್ದ ಮೇಲೆ ಯಾಕೆ ಕಡಿಮೆ ಮಾಡೋದು? ಎರಡನ್ನೂ ಕಾಂಬೋ ಮಾಡಿ. 1.90 ಗುಣಿಸು 2.80 ಅಂದರೆ 5.32. ಇದರಲ್ಲೇ ಜಾಸ್ತಿ ಹಾಕಬೇಕು ಅಲ್ವಾ?

ಗದಗದಿಂದ_ಬರ್ಮಿಂಗ್‌ಹ್ಯಾಮ್

ಬೆಟಗೇರಿ ತಮ್ಮಾ, ಅವರು ಕೇಳಿದ್ದು ಕಾಂಬೋ ಅಲ್ಲ, ಬೇರೆ ಬೇರೆ ಹಾಕಿದ ಎರಡು ಬಾಜಿ. ಆದರೂ ಹೇಳುತ್ತೇನೆ, 5.32 ನಿನಗೆ ಯಾರೂ ಕೊಡುವುದಿಲ್ಲ. ಕರ್ನಾಟಕ ಲೀಡ್ ತೆಗೆದುಕೊಂಡು ಗೆಲ್ಲುವ ಸಾಧ್ಯತೆ 36% ಅಂದುಕೊಂಡರೆ ನ್ಯಾಯವಾದ ದರ 2.78 ಮಾತ್ರ. ಇಲ್ಲಿ ಬ್ರಿಟನ್ನಿನಲ್ಲಿ ಲೈಸೆನ್ಸ್ ಇರುವ ಕಂಪನಿಗಳು ಒಂದಕ್ಕೊಂದು ಸಂಬಂಧ ಇರುವ ಫಲಿತಾಂಶಗಳನ್ನು ಸಾಮಾನ್ಯ ಕಾಂಬೋದಲ್ಲಿ ಸೇರಿಸಲು ಬಿಡುವುದಿಲ್ಲ. ಬಿಟ್ಟರೂ ತಾವೇ ಲೆಕ್ಕ ಹಾಕಿ ದರ ಇಳಿಸಿ ಕೊಡುತ್ತವೆ.

ಆದರೆ ಅವೇ ಎರಡನ್ನು ಬಿಡಿಬಿಡಿಯಾಗಿ ಹಾಕಿದರೆ ಯಾರೂ ತಡೆಯುವುದಿಲ್ಲ. ಆ ಸಂಬಂಧದ ಲೆಕ್ಕ ನೋಡಿಕೊಳ್ಳುವುದು ನಮ್ಮ ತಲೆಗೇ ಬರುತ್ತದೆ. ನಾನು ಫುಟ್‌ಬಾಲ್‌ನಲ್ಲಿ ಒಂದು ಮ್ಯಾಚಿಗೆ ಒಂದೇ ಬಾಜಿ ಹಾಕುತ್ತೇನೆ, ಎಲ್ಲಕ್ಕಿಂತ ಒಳ್ಳೆಯದು ಯಾವುದೋ ಅದು. ಉಳಿದವು ಎಷ್ಟೇ ಚಂದ ಕಂಡರೂ ಬಿಡುತ್ತೇನೆ.

ಸಪ್ತಾಪುರ_ಟೀಚರ್ (ಧಾರವಾಡ)

ರಾಜನಗರದವರೇ, ಸೂತ್ರ ಸರಿ ಇದೆ. ನೀವು ಅದನ್ನು ಬಳಸಿದ ಜಾಗ ಸರಿ ಇಲ್ಲ. 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಬರೆದ ಲೆಕ್ಕದಲ್ಲಿ ಒಂದು ಬಾಜಿ ಮುಗಿದು, ಕೈಯಲ್ಲಿ ಎಷ್ಟಿದೆ ಅಂತ ನೋಡಿಕೊಂಡು, ಆಮೇಲೆ ಮುಂದಿನದು. ನಿಮ್ಮವು ಎರಡೂ ಒಟ್ಟಿಗೆ ತೆರೆದಿವೆ, ಎರಡೂ ಒಂದೇ ಕಾರಣಕ್ಕೆ ಬೀಳುತ್ತವೆ.

ಎರಡೂ ಬಾಜಿ ಒಟ್ಟಿಗೆ ಸೋಲುವುದನ್ನು ನೋಡಿ. ನಿಮ್ಮ ಶೀಟ್ ಲೀಡ್ ತಪ್ಪುವ 40% ಮತ್ತು ಗೆಲುವು ತಪ್ಪುವ 60% ಗುಣಿಸಿ 24% ಅನ್ನುತ್ತಿದೆ. ರಣಜಿ ಲೀಗ್ ಹಂತದ ಮ್ಯಾಚಿಗೆ ನಾಲ್ಕೇ ದಿನ. ಲೀಡ್ ಕಳೆದುಕೊಂಡ ತಂಡ ತಿರುಗಿ ಗೆಲ್ಲುವುದು ಅಪರೂಪ. ಲೀಡ್ ಸಿಕ್ಕರೆ ಗೆಲುವು 60%, ಸಿಗದಿದ್ದರೆ 10% ಅಂತ ಇಟ್ಟುಕೊಳ್ಳೋಣ. ಒಟ್ಟು ನಿಮ್ಮ 40% ಸರಿಯಾಗಿ ಬರುತ್ತದೆ. ಆಗ ಲೀಡೂ ಗೆಲುವೂ ಎರಡೂ ಸಿಗುವುದು 36%. ಲೀಡ್ ಮಾತ್ರ 24%. ಗೆಲುವು ಮಾತ್ರ 4%. ಎರಡೂ ಇಲ್ಲ 36%.

ನೂರಕ್ಕೆ 24 ಸಲ ಬರುತ್ತದೆ ಅಂದುಕೊಂಡ 223 ಪಾಯಿಂಟಿನ ಪೆಟ್ಟು 36 ಸಲ ಬೀಳುತ್ತಿದೆ. ನಿಮಗೆ ಕಂಡ ಇಳಿತ ಇದೇ. ಪರೀಕ್ಷೆ ಮಾಡಬೇಕೆಂದರೆ ಹಳೆಯ ಲೆಕ್ಕದಲ್ಲಿ ಎರಡೂ ಸೋತ ಮ್ಯಾಚುಗಳನ್ನು ಮಾತ್ರ ಎಣಿಸಿ. ಬಿಡಿ ಬಾಜಿಗಳನ್ನು ಎಣಿಸಿದರೆ ಇದು ಯಾವತ್ತೂ ಕಾಣುವುದಿಲ್ಲ.

ಈಗ ಎಷ್ಟು ಹಾಕಬೇಕು ಅನ್ನುವುದು. ನಾಲ್ಕೂ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು, ಪ್ರತಿಯೊಂದರ ಕೊನೆಗೆ ಕೈಯಲ್ಲಿ ಉಳಿಯುವುದರ ಲಾಗ್ ತೆಗೆದು, ಅದರ ಸರಾಸರಿ ಎಲ್ಲಿ ಜಾಸ್ತಿಯೋ ಹುಡುಕಬೇಕು. ಕೆಳಗಿನದನ್ನು ಓಡಿಸಿ.

```python
from math import log
p = [0.36, 0.24, 0.04, 0.36]
a = [0.9, 0.9, -1, -1]
b = [1.8, -1, 1.8, -1]

def g(x, y):
    return sum(q*log(1 + x*u + y*v)
               for q, u, v in zip(p, a, b))

print(max((g(i/1000, j/1000), i, j)
          for i in range(400) for j in range(400)))
```

`a` ಲೀಡ್ ಬಾಜಿ, `b` ಗೆಲುವಿನ ಬಾಜಿ. ಕೊನೆಯ ಎರಡು ಅಂಕಿ 1000ಕ್ಕೆ ಎಷ್ಟು ಹಾಕಬೇಕು ಅನ್ನುವುದು.

ರಾಜನಗರ_ಸ್ಟ್ಯಾಂಡ್

ಓಡಿಸಿದೆ ಮೇಡಂ. 146 ಮತ್ತು 13 ಬಂತು! ಲೀಡ್ ಹತ್ತೇ ಪಾಯಿಂಟ್ ಇಳಿದಿದೆ. ಗೆಲುವು 67ರಿಂದ 13ಕ್ಕೆ ಬಿದ್ದಿದೆ. ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ ಅಂದುಕೊಂಡಿದ್ದೆ. ಗೆಲುವಿನ ಬಾಜಿಯಲ್ಲೂ 12% ಲಾಭದ ಅಂತರ ಇದೆಯಲ್ಲ?

ಸಪ್ತಾಪುರ_ಟೀಚರ್ (ಧಾರವಾಡ)

ಇದೆ. ಆದರೆ ಆ ಲಾಭದ ಬಹುಪಾಲನ್ನು ಲೀಡ್ ಬಾಜಿ ಆಗಲೇ ಹಿಡಿದುಬಿಟ್ಟಿದೆ. ಕರ್ನಾಟಕ ಚೆನ್ನಾಗಿ ಆಡುತ್ತದೆ ಅನ್ನುವ ಒಂದೇ ನಂಬಿಕೆಯನ್ನು ಎರಡು ಕಡೆ ಮಾರುತ್ತಿದ್ದೀರಿ. ಎರಡರಲ್ಲಿ ಲೀಡ್ ಕಡಿಮೆ ಜಿಗಿಯುವ ಬಾಜಿ, ಹಾಗಾಗಿ ಪಾಯಿಂಟ್ ಅಲ್ಲಿಗೇ ಹೋಗುತ್ತದೆ.

ಒಂದು ಮ್ಯಾಚಿಗೆ ಸರಾಸರಿ ಬೆಳವಣಿಗೆ ನೋಡಿ. ನಿಮ್ಮ 156 ಮತ್ತು 67ಕ್ಕೆ ಸುಮಾರು 0.82%. ಹಾವೇರಿಯವರ ಅರ್ಧ-ಅರ್ಧಕ್ಕೆ 0.95%. ಒಟ್ಟಿಗೆ ಲೆಕ್ಕ ಹಾಕಿದ್ದಕ್ಕೆ 1.11%. ಗೆಲುವಿನ ಬಾಜಿ ಪೂರ್ತಿ ಬಿಟ್ಟು ಲೀಡ್ ಒಂದೇ 156 ಹಾಕಿದರೆ 1.10%. ಜಾಸ್ತಿ ಹಾಕಿ ಕಡಿಮೆ ಬೆಳೆಯುತ್ತಿದ್ದೀರಿ ಅನ್ನುವುದು ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ.

ಹಾವೇರಿ_ಯಾಲಕ್ಕಿ

ಹಾಗಾದರೆ ನನ್ನದು ತಪ್ಪಲ್ಲ. ಅವರದಕ್ಕಿಂತ ಚೆನ್ನಾಗೇ ಇದೆ!

ಸಪ್ತಾಪುರ_ಟೀಚರ್ (ಧಾರವಾಡ)

ದಿಕ್ಕು ಸರಿ ಇದೆ, ಹಂಚಿಕೆ ಸರಿ ಇಲ್ಲ. ಕಡಿಮೆ ಮಾಡಬೇಕಾದ ಬಾಜಿಯನ್ನೂ ಕಾಯ್ದುಕೊಳ್ಳಬೇಕಾದ ಬಾಜಿಯನ್ನೂ ಒಂದೇ ಅಳತೆಯಲ್ಲಿ ಕತ್ತರಿಸಿದ್ದೀರಿ. ಇನ್ನೊಂದು, ಎದುರು ದಿಕ್ಕಿನ ಬಾಜಿಗಳಿಗೆ ಅರ್ಧ ಮಾಡುವ ನಿಯಮ ಉಲ್ಟಾ ಹೊಡೆಯುತ್ತದೆ. ಅದೇ ಮ್ಯಾಚಿನಲ್ಲಿ ಕರ್ನಾಟಕದ ಗೆಲುವಿನ ಜೊತೆ ಡ್ರಾ ದರವೂ ಒಳ್ಳೆಯದಿದ್ದರೆ ಒಂದು ಬಿದ್ದಾಗ ಇನ್ನೊಂದು ಏಳಬಹುದು. ಅಲ್ಲಿ ಬಿಡಿ ಲೆಕ್ಕಕ್ಕಿಂತ ಜಾಸ್ತಿಯೇ ಹಾಕಬೇಕಾಗಬಹುದು.

ಗದಗದಿಂದ_ಬರ್ಮಿಂಗ್‌ಹ್ಯಾಮ್

ಒಂದು ಮ್ಯಾಚಿಗೆ ಒಂದೇ ಬಾಜಿ ಅನ್ನುವ ನನ್ನ ಪದ್ಧತಿಗೆ ಮೇಡಂ ಅವರ ಲೆಕ್ಕವೇ ಸಾಕ್ಷಿ ಆಯಿತು. 1.10 ಎಲ್ಲಿ, 1.11 ಎಲ್ಲಿ!

ಸಪ್ತಾಪುರ_ಟೀಚರ್ (ಧಾರವಾಡ)

ಈ ಮ್ಯಾಚಿಗೆ ಹೌದು, ಎಲ್ಲದಕ್ಕೂ ಅಲ್ಲ. ಎರಡು ಬಾಜಿಗಳ ಸಂಬಂಧ ಸಡಿಲವಾಗಿದ್ದರೆ, ಉದಾಹರಣೆಗೆ ಲೀಡ್ ಮತ್ತು ಟಾಸ್ ನಂತರದ ಯಾವುದೋ ಬೌಲರ್‌ನ ವಿಕೆಟ್ ಬಾಜಿ, ಎರಡನೆಯದನ್ನು ಬಿಟ್ಟರೆ ನಷ್ಟ. ಮೊದಲು ಲೆಕ್ಕ ಹಾಕಿ, ಆಮೇಲೆ ಬಿಡಿ.

ರಾಜನಗರ_ಸ್ಟ್ಯಾಂಡ್

ನಮ್ಮ ಲೀಗ್‌ನಲ್ಲಿ ಲೀಡ್ ಬಾಜಿ ಹಿಂದಿನ ದಿನವೇ ತೆರೆಯುತ್ತದೆ, ಗೆಲುವಿನದು ಬೆಳಿಗ್ಗೆ. ಲೀಡ್‌ಗೆ 156 ಆಗಲೇ ಹಾಕಿಬಿಟ್ಟಿದ್ದರೆ? ವಾಪಸ್ ತೆಗೆಯಲು ಬರುವುದಿಲ್ಲ.

ಸಪ್ತಾಪುರ_ಟೀಚರ್ (ಧಾರವಾಡ)

ಹಾಕಿದ್ದನ್ನು ಹಾಗೇ ಗಟ್ಟಿ ಇಟ್ಟು ಎರಡನೆಯದನ್ನು ಮಾತ್ರ ಹುಡುಕಿ. ಕೋಡ್‌ನಲ್ಲಿ `i` ಅನ್ನು 156ಕ್ಕೆ ಕಟ್ಟಿದರೆ ಸಾಕು. ಗೆಲುವಿಗೆ 9 ಬರುತ್ತದೆ. 844 ಉಳಿದಿದೆ, ಅದರ ಮೇಲೆ ಮತ್ತೆ ಬಿಡಿ ಕೆಲ್ಲಿ ಹಾಕೋಣ ಅಂತ ಮಾಡಿದರೆ 56 ಬರುತ್ತದೆ. ಬಹಳ ಜನ ಹೀಗೇ ಮಾಡುತ್ತಾರೆ. ಅದು ಸಂಬಂಧವನ್ನು ನೋಡುವುದೇ ಇಲ್ಲ.

ಇನ್ನೊಂದು ಮಾತು, ಇದು 146 ಮತ್ತು 13ಕ್ಕೂ ಅನ್ವಯಿಸುತ್ತದೆ. ನಿಮ್ಮ 60% ಸ್ವಲ್ಪ ಜಾಸ್ತಿ ಆಗಿತ್ತು, ನಿಜವಾದದ್ದು 54% ಅಂದುಕೊಳ್ಳಿ. ಲೀಡ್ ಇಳಿದರೆ ಗೆಲುವೂ ಇಳಿದು 37% ಆಗುತ್ತದೆ. 14% ಮತ್ತು 12% ಇದ್ದ ಲಾಭದ ಅಂತರ ಸುಮಾರು 2.6% ಮತ್ತು 3.6% ಆಯಿತು. ಒಂದೇ ಊಹೆ ತಪ್ಪಿದ್ದಕ್ಕೆ ಎರಡೂ ಒಟ್ಟಿಗೆ ಕುಸಿದವು. ಆಗ ಲೀಡ್ ಒಂದಕ್ಕೇ ಬಿಡಿ ಕೆಲ್ಲಿ ಹಾಕಿದರೂ ಬರುವುದು 29 ಮಾತ್ರ, ನೀವು 146 ಹಾಕಿ ಕೂತಿರುತ್ತೀರಿ. ಅದಕ್ಕೇ ನಾನು ಬಂದ ಅಂಕಿಯ ಕಾಲು ಭಾಗ ಮಾತ್ರ ಹಾಕು ಅನ್ನುತ್ತೇನೆ: 36 ಮತ್ತು 3.

ಗದಗದಿಂದ_ಬರ್ಮಿಂಗ್‌ಹ್ಯಾಮ್

ಕಾಲು ಬಹಳ ಕಡಿಮೆ ಆಯಿತು ಮೇಡಂ. ಅಂದಾಜು ಬಿಡಿಬಿಡಿಯಾಗಿ ಸರಿ ಬರುತ್ತಿದೆ ಅಂತ ಅವರೇ ಹೇಳಿದ್ದಾರಲ್ಲ. ನಾನಾದರೆ ಅರ್ಧ ಹಾಕುತ್ತಿದ್ದೆ.

ಸಪ್ತಾಪುರ_ಟೀಚರ್ (ಧಾರವಾಡ)

ಲೀಡ್ 60% ಅನ್ನುವುದು ಸರಿ ಇರಬಹುದು. ಎರಡೂ ಒಟ್ಟಿಗೆ ಬೀಳುವುದು 36% ಅನ್ನುವುದನ್ನು ಯಾರು ಪರೀಕ್ಷೆ ಮಾಡಿದ್ದಾರೆ? ಅದು ನಾನು ಇಟ್ಟುಕೊಂಡ ಅಂಕಿ. ನನ್ನ ಮಾತು ಕಾಲು ಭಾಗವೇ.

ಬೆಟಗೇರಿ_ಬಾಯ್ಸ್

ಮಳೆ ಬಂದು ಮೊದಲ ಇನಿಂಗ್ಸೇ ಮುಗಿಯದಿದ್ದರೆ? ಆಗ ಲೀಡ್ ಯಾರಿಗೂ ಇಲ್ಲ. ನಮ್ಮ ಲೀಗಲ್ಲಿ ಅಂಥ ಬಾಜಿ ವಾಪಸ್ ಬರುತ್ತದೆ.

ಸಪ್ತಾಪುರ_ಟೀಚರ್ (ಧಾರವಾಡ)

ಒಳ್ಳೆಯ ಪ್ರಶ್ನೆ ತಮ್ಮಾ. ಐದನೇ ಸಾಲು ಸೇರಿಸಬೇಕು: `a` ಸೊನ್ನೆ, `b` ಮೈನಸ್ ಒಂದು. ಅದರ ಸಾಧ್ಯತೆಯನ್ನು ಉಳಿದ ನಾಲ್ಕರಿಂದ ಕಳೆಯಬೇಕು, ಯಾವುದರಿಂದ ಎಷ್ಟು ಅನ್ನುವುದು ಊರು ಮತ್ತು ತಿಂಗಳ ಮೇಲೆ ಹೋಗುತ್ತದೆ.

ರಾಜನಗರ_ಸ್ಟ್ಯಾಂಡ್

ನಮ್ಮ ಹಳೆಯ ಶೀಟ್‌ನಿಂದ ಎರಡೂ ಸೋತ ಸಾಲುಗಳನ್ನು ಇವತ್ತು ರಾತ್ರಿ ಎಣಿಸುತ್ತೇನೆ. ಲೀಡ್ ಸಿಕ್ಕ ಮ್ಯಾಚುಗಳಲ್ಲಿ ಎಷ್ಟು ಗೆದ್ದಿದ್ದಾರೆ ಅನ್ನುವುದಕ್ಕೆ ಕರ್ನಾಟಕದ ಮ್ಯಾಚು ಮಾತ್ರ ತಗೊಂಡರೆ ಬಹಳ ಕಡಿಮೆ ಆಗುತ್ತವೆ. ಎಲ್ಲ ತಂಡಗಳದ್ದೂ ಸೇರಿಸಿದರೆ ಸರಿಯಾಗುತ್ತದಾ, ಅಥವಾ ಬಲವಾದ ತಂಡಕ್ಕೆ ಬೇರೆ ಲೆಕ್ಕ ಬೇಕಾ? ಅಂಥ ಪಟ್ಟಿ ಯಾರ ಹತ್ತಿರವಾದರೂ ಇದ್ದರೆ ಇಲ್ಲಿ ಹಾಕಿ. ಅಲ್ಲಿವರೆಗೆ 36 ಮತ್ತು 3 ಹಾಕುತ್ತೇನೆ.