ಫ್ರೆಶರ್ಸ್‌ಗೆ ರೆಸ್ಯೂಮೆ, ಮಾಕ್ ಇಂಟರ್‌ವ್ಯೂ ಮಾಡಿಸೋಕೆ ಎಷ್ಟು ತಗೋಬೇಕು?

"ಆರು ವರ್ಷ ಬೆಂಗಳೂರಲ್ಲಿ ರಿಕ್ರೂಟರ್ ಆಗಿದ್ದೆ, ಮಗು ಆದ್ಮೇಲೆ ದಾವಣಗೆರೆಗೆ ಬಂದ್ಬಿಟ್ಟೆ. ಪರಿಚಯದ ಇಂಜಿನಿಯರಿಂಗ್ ಹುಡುಗ್ರು ರೆಸ್ಯೂಮೆ ನೋಡಿ ಅಕ್ಕಾ, ಇಂಟರ್‌ವ್ಯೂಗೆ ರೆಡಿ ಮಾಡ್ಸಿ ಅಂತ ಬರ್ತಾನೇ ಇರ್ತಾರೆ. ಇದನ್ನೇ ಕೆಲಸ ಮಾಡ್ಕೊಂಡ್ರೆ ಫೀಸು ಎಷ್ಟು ತಗೊಳ್ಳೋದು, ಹೇಗೆ ತಗೊಳ್ಳೋದು? ಮಾಡಿರೋರು ಹೇಳಿ."

ಮೈಸೂರು ಮೇಡಂ

ನಾನು ನಾಲ್ಕು ವರ್ಷದಿಂದ ಮಾಡ್ತಿದೀನಿ. ಶುರುನಲ್ಲಿ ರೆಸ್ಯೂಮೆಗೆ 300 ರೂಪಾಯಿ ತಗೊಂಡು ನಾನೇ ಕೂತು ಚೆನ್ನಾಗಿ ಬರೆದು ಕೊಡ್ತಿದ್ದೆ, ಆದ್ರೆ ಇಂಟರ್‌ವ್ಯೂನಲ್ಲಿ ಅದೇ ಸಾಲನ್ನ ಓದಿ ಇದರ ಬಗ್ಗೆ ಹೇಳು ಅಂದ್ರೆ ಹುಡುಗ್ರಿಗೆ ಬಾಯೇ ಬರ್ತಿರ್ಲಿಲ್ಲ, ಯಾಕಂದ್ರೆ ಅದು ನನ್ನ ಮಾತು, ಅವರದ್ದಲ್ಲ. ಈಗ ನಾನು ಬರೆಯಲ್ಲ, ಕೇಳ್ತೀನಿ, ಅವರೇ ಬರೀತಾರೆ.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ರೆಸ್ಯೂಮೆಲಿ ಮೇಲೆ ನಾಲ್ಕು ಸಾಲು ಕರಿಯರ್ ಆಬ್ಜೆಕ್ಟಿವ್, ಕೆಳಗೆ ಅಪ್ಪನ ಹೆಸರು, ಡಿಕ್ಲರೇಶನ್ನು, ನಡುವೆ ಪ್ರಾಜೆಕ್ಟ್ ಅಂತ ಒಂದೇ ಸಾಲು: ಮುಖ ನೋಡಿ ಹಾಜರಿ ಹಾಕೋ ಸಿಸ್ಟಮ್. ನೀನೇನು ಮಾಡ್ದೆ ಅಂದ್ರೆ "ಟೀಮ್ ವರ್ಕ್ ಮೇಡಂ". ಅರ್ಧ ಗಂಟೆ ಕೆದಕಿದ ಮೇಲೆ ಬಾಯಿ ಬಿಟ್ಟ, ಕ್ಲಾಸಿನ 60 ಜನರ ಫೋಟೋ ತೆಗೆದಿದ್ದು ಅವನೇ, ಸಂಜೆ ಲ್ಯಾಬಲ್ಲಿ ಬೆಳಕು ಕಮ್ಮಿ ಇದ್ದಾಗ ಮುಖ ಗುರುತಿಸ್ತಿಲ್ಲ ಅಂತ ಕಂಡುಹಿಡಿದವನೂ ಅವನೇ, ಆಮೇಲೆ ಮಂದ ಬೆಳಕಲ್ಲಿ ಇನ್ನೊಂದು ಸಲ ಎಲ್ಲರ ಫೋಟೋ ತೆಗೆದು ಸೇರಿಸಿದ್ದ. ಅದನ್ನೇ ಎರಡು ಸಾಲಲ್ಲಿ ಬರೆಸಿದೆ, ಡಿಕ್ಲರೇಶನ್ ಎಲ್ಲ ತೆಗೆಸಿದೆ, ಒಂದು ಪುಟಕ್ಕೆ ನಿಂತಿತು. ಎರಡು ದಿನ ಬಿಟ್ಟು ಮಾಕ್‌ನಲ್ಲಿ ಅಲ್ಲಿಂದಲೇ ಶುರು ಮಾಡಿದೆ, ಹತ್ತು ನಿಮಿಷ ಎಲ್ಲೂ ತಡವರಿಸದೆ ಮಾತಾಡಿದ.

ಇನ್ನೊಂದು, ಪಿಡಿಎಫ್‌ನ ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಎರಡು ಕಾಲಮ್ಮಿನ ಬಣ್ಣದ ಟೆಂಪ್ಲೇಟ್ ಆದ್ರೆ ಎಷ್ಟೋ ಸಲ ಫೋನ್ ನಂಬರ್ ಹೋಗಿ ಡಿಗ್ರಿ ನಡುವೆ ಕೂತಿರುತ್ತೆ, ಕಂಪನಿ ಸಾಫ್ಟ್‌ವೇರೂ ಅದನ್ನ ಹಾಗೇ ಓದೋ ಅಪಾಯ ಇದೆ.

ಫೀಸಿಗೆ ಬಂದ್ರೆ ಮೊದಲು ನಿಮ್ಮ ಟೈಮ್ ಲೆಕ್ಕ ಹಾಕಿ. ನಂಗೆ ಒಬ್ಬರಿಗೆ ಮಾತಾಡೋಕೆ ಒಂದು ಗಂಟೆ, ತಿದ್ದೋಕೆ ಮುಕ್ಕಾಲು ಗಂಟೆ, ಮಾಕ್ ಮುಕ್ಕಾಲು ಗಂಟೆ, ಅದರ ರೆಕಾರ್ಡಿಂಗ್ ಜೊತೇಲಿ ಕೂತು ನೋಡೋಕೆ ಅರ್ಧ ಗಂಟೆ, ಅಲ್ಲಿಗೇ ಮೂರು ಗಂಟೆ. 300 ತಗೊಂಡ್ರೆ ಗಂಟೆಗೆ ನೂರು ಬೀಳುತ್ತೆ. ಈಗ ಎಲ್ಲಾ ಸೇರಿ 1200, ತಿದ್ದೋದು ಎರಡು ಸಲ ಮಾತ್ರ, ದುಡ್ಡು ಬಂದ ಮೇಲೇ ಟೈಮ್ ಕೊಡೋದು. ಮುಂಚೆ ಮಾಕ್ ಮುಗಿದ ಮೇಲೆ ತಗೋತಿದ್ದೆ, ಅವಾಗ ಬರ್ತೀನಿ ಅಂದವರು ಬರ್ತಾನೇ ಇರ್ಲಿಲ್ಲ.

ತುಮಕೂರು ಹುಡುಗ

ಮೇಡಂ 1200 ಜಾಸ್ತಿ ಆಯ್ತು, ನಮ್ಮಂಥವರ ಹತ್ರ ಎಲ್ಲಿರುತ್ತೆ. ಕೆಲಸ ಸಿಕ್ಕ ಮೇಲೆ ಮೊದಲ ಸಂಬಳದಲ್ಲಿ 3000 ತಗೊಳ್ಳಿ, ಇಬ್ಬರಿಗೂ ಒಳ್ಳೇದು, ಹುಡುಗ್ರೂ ನಂಬ್ತಾರೆ.

ಮೈಸೂರು ಮೇಡಂ

ದುಡ್ಡಿಲ್ಲದವರ ವಿಷಯದಲ್ಲಿ ನೀವು ಹೇಳೋದು ಸರಿ ಕಣಪ್ಪಾ, ಅಂಥವರಿಗೆ ನಾನು ಎರಡು ಕಂತು ಮಾಡ್ತೀನಿ. ಆದ್ರೆ ಕೆಲಸಕ್ಕೆ ಗಂಟು ಹಾಕಿದ್ರೆ ಅದು ಗ್ಯಾರಂಟಿ ಕೊಟ್ಟ ಹಾಗೇ ಆಗುತ್ತೆ. ಆಫರ್ ಲೆಟರ್ ಬಂದ ಮೇಲೂ ಜಾಯ್ನಿಂಗ್ ತಿಂಗಳುಗಟ್ಟಲೆ ಮುಂದೆ ಹೋಗಿದ್ದು ನೋಡಿದೀನಿ, ಅಲ್ಲಿವರೆಗೂ ಅವರ ಹಿಂದೆ ಫೋನ್ ಮಾಡ್ಕೊಂಡು ಓಡಾಡೋಕಾಗಲ್ಲ. ನಮಗೇ ಗೊತ್ತಿಲ್ದ ಹಾಗೆ, ಪಾಸಾಗೋ ಹುಡುಗ್ರನ್ನೇ ಆರಿಸಿಕೊಳ್ಳೋಕೂ ಶುರು ಮಾಡ್ಬಿಡ್ತೀವಿ.

ತುಮಕೂರು ಹುಡುಗ

ನಂಗಿನ್ನೂ ಅನ್ಸುತ್ತೆ, ಅರ್ಧ ಮೊದಲು ಅರ್ಧ ಆಮೇಲೆ ಅಂದ್ರೆ ನಡೆಯುತ್ತೆ.

ಗದಗ ಅಣ್ಣ

ನಮ್ ತಮ್ಮಂದು ಬಿಕಾಂ, ಪಿಯುಸಿಲಿ 54 ಪರ್ಸೆಂಟ್, ಅದನ್ನ ರೆಸ್ಯೂಮೆಲಿ ಬಿಟ್ರೆ ನಡೀತದೇನ್ರಿ? ಒಬ್ರು 5000 ಕೊಡ್ರಿ, ಒಂದ್ ವರ್ಷದ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟೂ ಮಾಡ್ಸಿ ಕೊಡ್ತೀನಿ ಅಂದಾರ.

ಪ್ಲೇಸ್‌ಮೆಂಟ್ ಮೇಷ್ಟ್ರು, ಹಾಸನ

ಸರ್ಟಿಫಿಕೇಟಿಗೆ ಕೈ ಹಾಕಲೇಬೇಡಿ. ಬ್ಯಾಕ್‌ಗ್ರೌಂಡ್ ಚೆಕ್ ಮಾಡುವಾಗ ಯಾವ ಕಂಪನೀಲಿ ಯಾವಾಗ ಇದ್ದ ಅಂತ ತೋರಿಸೋ ಪಿಎಫ್‌ನ ಯುಎಎನ್ ಹಿಸ್ಟರಿ ನೋಡ್ತಾರೆ, ಸಂಬಳದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರೆ, ಸಿಕ್ಕಿಬಿದ್ರೆ ಬಂದಿರೋ ಆಫರೂ ಹೋಗುತ್ತೆ. 54ನ್ನ ರೆಸ್ಯೂಮೆಲಿ ಬರೀದೇ ಇದ್ರೂ ನಡೆಯುತ್ತೆ, ಆದ್ರೆ ಅರ್ಜಿ ಫಾರಮ್ಮಲ್ಲಿ ಕೇಳಿದ್ರೆ ಇದ್ದಿದ್ದನ್ನೇ ಹಾಕ್ಲಿ, ಮಾರ್ಕ್ಸ್ ಕಾರ್ಡ್ ನೋಡೇ ನೋಡ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್ ಬೇಕು ಅನ್ನೋ ಡ್ರೈವ್‌ಗಳನ್ನ ಬಿಟ್ಟು ಬೇರೆ ಕಡೆ ಹಾಕೋದು ಒಳ್ಳೇದು.

ಕೇಳಿರೋ ಅಕ್ಕನಿಗೆ ಒಂದು ಮಾತು. ಕಾಲೇಜಿಂದ ಇಡೀ ಬ್ಯಾಚಿಗೆ ಕರೆದ್ರೆ ತಲೆಗಿಷ್ಟು ಅಂತ ಒಪ್ಕೋಬೇಡಿ, 60 ಜನ ಅಂತಾರೆ, 25 ಜನ ಬರ್ತಾರೆ. ದಿನಕ್ಕೆ ಇಷ್ಟು ಅಂತ ಹೇಳಿ, ಅರ್ಧ ಮೊದಲೇ ತಗೊಳ್ಳಿ. ಒಂದು ದಿನದಲ್ಲಿ ಸರಿಯಾಗಿ ಮಾಕ್ ಆಗೋದು ಎಂಟು ಜನಕ್ಕೆ, ಉಳಿದವರು ಕೂತು ನೋಡ್ಲಿ.

ಕೇಳಿದವಳು

ಗಂಟೆ ಲೆಕ್ಕ ಹಾಕೇ ಇರ್ಲಿಲ್ಲ ಮೇಡಂ. ಆದ್ರೆ ಇಷ್ಟು ದಿನ ಸುಮ್ನೆ ನೋಡಿಕೊಡ್ತಿದ್ದೆ, ಪಕ್ಕದ್ಮನೆ ಹುಡುಗನ ಹತ್ರ ಈಗ ಹೇಗೆ ದುಡ್ಡು ಕೇಳ್ಲಿ?

ಮೈಸೂರು ಮೇಡಂ

ಹತ್ತು ನಿಮಿಷ ನೋಡಿ ಮೂರು ತಪ್ಪು ಹೇಳೋದು ಯಾವಾಗ್ಲೂ ಫ್ರೀ ಇರ್ಲಿ. ಅದಕ್ಕಿಂತ ಮುಂದೆ ಕೂರಬೇಕು ಅಂದ್ರೆ ಏನೇನು ಮಾಡಿಸ್ತೀರ, ಎಷ್ಟು ಅಂತ ನಾಲ್ಕು ಸಾಲು ಬರೆದಿಟ್ಕೊಂಡು ಎಲ್ಲರಿಗೂ ಅದನ್ನೇ ವಾಟ್ಸಾಪ್ ಮಾಡಿ. ಎದುರು ನಿಂತು ಬಾಯಲ್ಲಿ ಹೇಳೋಕೆ ಹೋದ್ರೆ ನಾವೇ ಇನ್ನೂರು ಕಮ್ಮಿ ಹೇಳಿಬಿಡ್ತೀವಿ.